ಹಾಲು ಸರಿ, ಹೆಪ್ಪು ಯಾವುದರದು?

ಚೀಸ್ ವಿಷಯದಲ್ಲಿ ನಮ್ಮ ಕಡೆ ಮೂರು ಮಾತು ಚಾಲ್ತಿಯಲ್ಲಿವೆ. ಮೊದಲನೆಯದು ಮನೆಯ ಹಿರಿಯರದು: ‘ಹಾಲಿಂದ ಮಾಡಿದ್ದು ತಾನೇ? ಬೆಣ್ಣೆ, ತುಪ್ಪ ಇದ್ದ ಹಾಗೆ. ತಿನ್ನೋಕೇನು ಅಡ್ಡಿ?’ ಎರಡನೆಯದು ಮೊಬೈಲಿನಲ್ಲಿ ಸುತ್ತಿ ಬಂದದ್ದು: ‘ಚೀಸ್‌ಗೆ ಕರುವಿನ ಕರುಳು ಹಾಕ್ತಾರೆ, ಪಿಜ್ಜಾ ತಿಂದ್ರೆ ಮಾಂಸ ತಿಂದ ಹಾಗೇ.’ ಮೂರನೆಯದು ಪೇಟೆಯಲ್ಲಿ ಓದುತ್ತಿರುವ ಮಕ್ಕಳದು: ‘ಹಸಿರು ಚುಕ್ಕೆ ಇದೆಯಲ್ಲ, ಮುಗೀತು.’ ಮುಂಡಗೋಡ, ಹಳಿಯಾಳದಂಥ ಪೇಟೆಗಳಲ್ಲಿ ಚೀಸ್ ಸ್ಯಾಂಡ್‌ವಿಚ್ ಈಗ ಸುದ್ದಿಯೇ ಅಲ್ಲ. ದಾಂಡೇಲಿಯ ರೆಸಾರ್ಟುಗಳ ಸಂಜೆಯ ತಿಂಡಿಯಲ್ಲಿ ಚೀಸ್ ಇರಲೇಬೇಕು. ಇಂದೂರದಂಥ ಹಳ್ಳಿಯ ಮನೆಗೂ ಮಕ್ಕಳ ಡಬ್ಬಿಗೆಂದು ಚೀಸ್ ಸ್ಲೈಸಿನ ಪೊಟ್ಟಣ ಬರುತ್ತದೆ. ಹಾಗಾಗಿ ಈ ಮೂರು ಮಾತುಗಳು ಒಂದೇ ಮನೆಯಲ್ಲಿ, ಒಂದೇ ಊಟದ ಹೊತ್ತಿಗೆ ಎದುರುಬದುರಾಗುವುದುಂಟು.

ಮೊದಲ ಮಾತು ತಪ್ಪು. ಎರಡನೆಯದರಲ್ಲಿ ಅರ್ಧ ನಿಜ ಇದೆ, ಆದರೆ ಆ ಅರ್ಧ ನಮ್ಮ ಅಂಗಡಿಗೆ ಸೇರಿದ್ದಲ್ಲ. ನನ್ನ ತಕರಾರು ಹೆಚ್ಚಾಗಿ ಇರುವುದು ಮೂರನೆಯ ಮಾತಿನೊಡನೆ. ಅದರ ಉತ್ತರ ಬಹುಮಟ್ಟಿಗೆ ಸರಿ. ಕಾರಣ ಮಾತ್ರ ತಪ್ಪು. ಕಾರಣ ತಪ್ಪಾದ್ದರಿಂದಲೇ ಪೊಟ್ಟಣ ಸ್ವಲ್ಪ ಬದಲಾದರೂ ಆ ಉತ್ತರ ಕೈಕೊಡುತ್ತದೆ.

ಮೊದಲು ಹಾಲಿನಿಂದಲೇ ಶುರುಮಾಡೋಣ. ಹಾಲನ್ನು ಗಟ್ಟಿ ಮಾಡಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಹುಳಿಯ ದಾರಿ. ಮೊಸರಿಗೆ ಹೆಪ್ಪು ಹಾಕಿದಾಗ ಅದರ ಬ್ಯಾಕ್ಟೀರಿಯಾ ಹುಳಿ ಹುಟ್ಟಿಸಿ ಹಾಲನ್ನು ಹೆಪ್ಪುಗಟ್ಟಿಸುತ್ತದೆ. ಪನೀರಿಗೆ ಹಾಲನ್ನು ಕುದಿಯುವ ಹತ್ತಿರಕ್ಕೆ ಕಾಯಿಸಿ ನಿಂಬೆರಸವನ್ನೋ ಸಿಟ್ರಿಕ್ ಆಮ್ಲವನ್ನೋ ಹಾಕಿ ಒಡೆಸುತ್ತಾರೆ. ಇಲ್ಲಿ ರೆನೆಟ್ ಎಂಬುದಕ್ಕೆ ಕೆಲಸವೇ ಇಲ್ಲ. ಆದ್ದರಿಂದ ಪನೀರನ್ನೂ ಈ ಅನುಮಾನದ ಪಟ್ಟಿಗೆ ಸೇರಿಸಿ ಗಾಬರಿಯಾಗುವವರು ಸುಮ್ಮನೆ ಗಾಬರಿಯಾಗುತ್ತಿದ್ದಾರೆ.

ಇನ್ನೊಂದು ಕಿಣ್ವದ ದಾರಿ. ಚೆಡ್ಡರ್, ಗೌಡಾ, ಪಾರ್ಮೆಸಾನ್, ಸಾಮಾನ್ಯ ಮೊಜಾರೆಲ್ಲಾ ಎಲ್ಲ ಬರುವುದು ಈ ದಾರಿಯಲ್ಲೇ. ಹಾಲನ್ನು ಸುಮಾರು 30ರಿಂದ 32 ಡಿಗ್ರಿಗೆ, ಅಂದರೆ ಕೈಗೆ ಉಗುರುಬೆಚ್ಚಗೂ ಅನ್ನಿಸದಷ್ಟಕ್ಕೆ ಕಾಯಿಸಿ, ಸ್ವಲ್ಪ ಹುಳಿ ಬರಲು ಬ್ಯಾಕ್ಟೀರಿಯಾ ಬಿಟ್ಟು, ಆಮೇಲೆ ರೆನೆಟ್ ಹಾಕುತ್ತಾರೆ. ಮಾಮೂಲಿ ಹದದ ದ್ರವ ರೆನೆಟ್ ಆದರೆ 100 ಲೀಟರ್ ಹಾಲಿಗೆ 20ರಿಂದ 30 ಮಿಲಿಲೀಟರ್ ಸಾಕು. ಹಾಲಿನ ಕೇಸೀನ್ ಎಂಬ ಪ್ರೋಟೀನು ಪುಟ್ಟ ಪುಟ್ಟ ಉಂಡೆಗಳಾಗಿ ತೇಲುತ್ತಿರುತ್ತದೆ. ಪ್ರತಿ ಉಂಡೆಯ ಮೈಮೇಲೆ ಕೂದಲಿನಂಥ ಎಳೆಗಳಿದ್ದು, ಅವು ಉಂಡೆಗಳನ್ನು ಒಂದಕ್ಕೊಂದು ಅಂಟದಂತೆ ದೂರ ಇಟ್ಟಿರುತ್ತವೆ. ರೆನೆಟ್ಟಿನಲ್ಲಿರುವ ಕೈಮೋಸಿನ್ ಎಂಬ ಕಿಣ್ವ ಆ ಎಳೆಗಳನ್ನು ಒಂದೇ ಒಂದು ಜಾಗದಲ್ಲಿ ಕತ್ತರಿಸುತ್ತದೆ. ಕಾವಲು ಕಳಚಿದ ಉಂಡೆಗಳು ಹಾಲಿನದೇ ಸುಣ್ಣದ ಅಂಶ ಹಿಡಿದುಕೊಂಡು ಒಂದಕ್ಕೊಂದು ಅಂಟುತ್ತವೆ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಪಾತ್ರೆಯ ಹಾಲು ಮೆತ್ತನೆಯ ಒಂದೇ ಗಡ್ಡೆಯಾಗುತ್ತದೆ. ಚಾಕು ಇಳಿಸಿ ಮೆಲ್ಲನೆ ಎತ್ತಿದಾಗ ಅದು ಚೊಕ್ಕವಾಗಿ ಸೀಳಿ, ಸೀಳಿನಲ್ಲಿ ತಿಳಿನೀರು ನಿಂತರೆ ಹದ ಬಂತೆಂದು ಅರ್ಥ. ಬಳಿಕ ಕತ್ತರಿಸಿ, ನೀರು ಬಸಿದು, ಉಪ್ಪು ಹಾಕಿ, ಒತ್ತಿ, ಹಣ್ಣಾಗಲು ಇಡುತ್ತಾರೆ. ಹಾಕಿದ ರೆನೆಟ್ಟಿನಲ್ಲಿ ಹೆಚ್ಚಿನ ಪಾಲು ಬಸಿದ ನೀರಿನೊಂದಿಗೆ ಹೋಗುತ್ತದೆ. ಉಳಿದ ಸ್ವಲ್ಪ ಚೀಸಿನೊಳಗೇ ಇದ್ದು ತಿಂಗಳುಗಟ್ಟಲೆ ರುಚಿ ಹುಟ್ಟಿಸುವ ಕೆಲಸ ಮಾಡುತ್ತದೆ.

ಈ ಕೈಮೋಸಿನ್ ಮೂಲದಲ್ಲಿ ಸಿಗುತ್ತಿದ್ದುದು ಹಾಲು ಕುಡಿಯುವ ಎಳೆಗರುವಿನ ನಾಲ್ಕನೇ ಹೊಟ್ಟೆಯಲ್ಲಿ. ಮೊಬೈಲಿನ ಸಂದೇಶ ಹೇಳುವ ಹಾಗೆ ಕರುಳಲ್ಲ, ಹೊಟ್ಟೆಯ ಒಳಪದರ. ತಾಯಿಯ ಹಾಲು ಹೊಟ್ಟೆಯಲ್ಲಿ ಗಡ್ಡೆಕಟ್ಟಿ ನಿಧಾನವಾಗಿ ಜೀರ್ಣವಾಗಲೆಂದು ಪ್ರಕೃತಿಯೇ ಮಾಡಿಟ್ಟ ಏರ್ಪಾಡು ಅದು. ಯುರೋಪಿನ ರೈತರು ಕೊಂದ ಕರುವಿನ ಹೊಟ್ಟೆಯನ್ನು ಒಣಗಿಸಿ, ಸೀಳಿ, ಉಪ್ಪುನೀರಿನಲ್ಲಿ ನೆನೆಹಾಕಿ ಆ ರಸವನ್ನು ತೆಗೆಯುತ್ತಿದ್ದರು. 1874ರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಹ್ಯಾನ್ಸೆನ್ ಅದನ್ನೇ ಒಂದೇ ಹದದ ಕಾರ್ಖಾನೆಯ ಸರಕಾಗಿ ಮಾಡಿ ಮಾರತೊಡಗಿದ. ಕರುವನ್ನು ಕೊಲ್ಲದೆ ಈ ರಸ ಸಿಗುವುದಿಲ್ಲ. ಹಾಗಾಗಿ ಹಿರಿಯರ ‘ಹಾಲಿಂದ ಮಾಡಿದ್ದು’ ಎಂಬ ಮಾತು ನಿಲ್ಲುವುದಿಲ್ಲ. ಹಾಲು ಸರಿ, ಅದನ್ನು ಗಟ್ಟಿ ಮಾಡಿದ್ದು ಯಾವುದು ಎಂಬುದು ಬೇರೆಯೇ ಪ್ರಶ್ನೆ. ಪ್ರಾಣಿಯ ರೆನೆಟ್ ಹಾಕಿದ ಚೀಸ್ ನಮ್ಮ ಅರ್ಥದಲ್ಲಿ ಸಸ್ಯಾಹಾರವಲ್ಲ. ಬ್ರಿಟನ್ನಿನ ಸಸ್ಯಾಹಾರಿ ಸಂಘ, ಅಂದರೆ ವೆಜಿಟೇರಿಯನ್ ಸೊಸೈಟಿಯೂ ಅದನ್ನು ಸಸ್ಯಾಹಾರವೆಂದು ಒಪ್ಪುವುದಿಲ್ಲ.

‘100 ಲೀಟರಿಗೆ ನಾಲ್ಕಾರು ಚಮಚ, ಅದರಲ್ಲೂ ಹೆಚ್ಚಿನದು ನೀರಿಗೆ ಹೋಯಿತು, ಅದೇನು ದೊಡ್ಡ ವಿಷಯ?’ ಎಂಬ ವಾದವೂ ಉಂಟು. ಅಳತೆ ನೋಡಿ ಆಚಾರ ನಿರ್ಧರಿಸುವವರಿಗೆ ಅದು ಸರಿ ಕಾಣಬಹುದು. ಆದರೆ ಸಸ್ಯಾಹಾರ ಹೆಚ್ಚಿನ ಮನೆಗಳಲ್ಲಿ ಅಳತೆಯ ಮಾತಾಗಿ ಬಂದದ್ದಲ್ಲ, ಮೂಲದ ಮಾತಾಗಿ ಬಂದದ್ದು. ದೆಹಲಿ ಹೈಕೋರ್ಟ್ 2021ರ ಡಿಸೆಂಬರ್ 9ರ ಆದೇಶದಲ್ಲಿ ಈ ನಿಲುವನ್ನೇ ಹಿಡಿಯಿತು: ಆಹಾರದಲ್ಲಿ ಬಳಸಿದ ಪದಾರ್ಥ ಶೇಕಡಾ ಎಷ್ಟೇ ಇರಲಿ, ಬರೀ ಕೋಡ್ ಸಂಖ್ಯೆ ಹಾಕಿದರೆ ಸಾಲದು, ಅದು ಗಿಡದ್ದೋ, ಪ್ರಾಣಿಯದ್ದೋ, ಪ್ರಯೋಗಾಲಯದ್ದೋ ಎಂಬುದನ್ನೂ ಹೇಳಬೇಕು. ಗೋರಕ್ಷಣೆಯ ಸಂಘಟನೆಯೊಂದು ಹಾಕಿದ್ದ ಆ ಅರ್ಜಿಯ ರಾಜಕೀಯ ಏನೇ ಇರಲಿ, ತತ್ತ್ವ ಮಾತ್ರ ಸರಿಯಾಗಿದೆ.

ಅಂದಮೇಲೆ ಮೊಬೈಲಿನ ಸಂದೇಶವೇ ಗೆದ್ದಿತೇ? ಇಲ್ಲ. 1960ರ ದಶಕದಲ್ಲಿ ಜಗತ್ತಿನ ಚೀಸ್ ಉತ್ಪಾದನೆ ಏರುತ್ತಾ ಹೋಗಿ ಕರುವಿನ ರೆನೆಟ್ ಸಾಲದೇ ಬಂತು. ಆಗ ರೈಜೋಮ್ಯೂಕರ್ ಮೀಹೈ ಎಂಬ ಒಂದು ಬಗೆಯ ಬೂಷ್ಟಿನಿಂದ ಅದೇ ಕೆಲಸ ಮಾಡುವ ಕಿಣ್ವವನ್ನು ತೆಗೆದರು. ಲೇಬಲ್ಲುಗಳಲ್ಲಿ ಕಾಣುವ ‘ಮೈಕ್ರೋಬಿಯಲ್ ರೆನೆಟ್’ ಎಂಬುದರ ಮೂಲ ಇಲ್ಲಿದೆ. ಇದಕ್ಕೊಂದು ಊನವಿದೆ: ಕೈಮೋಸಿನ್ನಿನಂತೆ ಒಂದೇ ಜಾಗದಲ್ಲಿ ಕತ್ತರಿಸಿ ಸುಮ್ಮನಾಗದೆ ಅಲ್ಲಿ ಇಲ್ಲಿ ಪ್ರೋಟೀನನ್ನು ತುಂಡರಿಸುತ್ತಾ ಹೋಗುವುದರಿಂದ, ವರ್ಷಗಟ್ಟಲೆ ಹಣ್ಣಾಗಬೇಕಾದ ಚೀಸ್ ಕಹಿಯಾಗುವ ಸಂಭವ ಇರುತ್ತದೆ. 1990ರಲ್ಲಿ ಇನ್ನೊಂದು ದಾರಿ ತೆರೆಯಿತು. ಕರುವಿನ ಕೈಮೋಸಿನ್ನಿನ ವಂಶವಾಹಿಯ ನಕಲನ್ನು ಸೂಕ್ಷ್ಮಜೀವಿಯೊಳಗೆ ಸೇರಿಸಿ, ಹುದುಗಿಸಿ, ಶುದ್ಧ ಕೈಮೋಸಿನ್ ಪಡೆಯುವ ಕ್ರಮಕ್ಕೆ ಅಮೆರಿಕದ ಆಹಾರ ಇಲಾಖೆ ಆ ವರ್ಷ ಒಪ್ಪಿಗೆ ಕೊಟ್ಟಿತು. ಇಂದು ಅಮೆರಿಕದ ಬಹುಪಾಲು ಚೀಸ್ ಆಗುವುದು ಇದರಿಂದಲೇ. ‘ವಂಶವಾಹಿ ಕರುವಿನದೇ ಅಲ್ಲವೇ?’ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ, ಒಮ್ಮೆ ನಕಲು ಮಾಡಿದ ಮಾಹಿತಿ ತೊಟ್ಟಿಯೊಳಗೆ ಕೋಟಿಗಟ್ಟಲೆ ಸಲ ಬೆಳೆಯುತ್ತದೆಯೇ ಹೊರತು ಪ್ರತಿ ಬಾರಿ ಕರುವೊಂದು ಸಾಯುವುದಿಲ್ಲ, ಇದು ಸಸ್ಯಾಹಾರವೇ. ಕುಲಾಂತರಿ ಎಂಬ ಕಾರಣಕ್ಕೆ ಬೇಡ ಅನ್ನುವವರು ಅನ್ನಲಿ. ಅದು ಬೇರೆ ತಕರಾರು, ಅದನ್ನು ಮಾಂಸದ ತಕರಾರಿನೊಂದಿಗೆ ಕಲಸಬಾರದು.

ನಮ್ಮ ಕಾಡಂಚಿನ ಹಾಲಿನ ಸಂಸ್ಕೃತಿಗೆ ರೆನೆಟ್ ಎಂದೂ ಬಂದದ್ದಲ್ಲ. ಹಳಿಯಾಳ, ಜೋಯಿಡಾ, ಮುಂಡಗೋಡದ ಕಾಡುಗಳಲ್ಲಿ ಎಮ್ಮೆ ಕಟ್ಟಿಕೊಂಡು ಬದುಕಿದ ಧನಗರ ಗೌಳಿಗರು ಹಾಲನ್ನು ಮೊಸರು, ಬೆಣ್ಣೆ, ತುಪ್ಪ ಮಾಡಿದರು, ಚೀಸ್ ಮಾಡಲಿಲ್ಲ. 1966ರಲ್ಲಿ ಮುಂಡಗೋಡಿನ ಬಳಿ ಟಿಬೆಟಿಯನ್ ವಸತಿ ಶುರುವಾದ ಮೇಲೆ ಅವರೊಂದಿಗೆ ಛುರ್ಪಿ ಬಂತು. ಹಲ್ಲಿಗೆ ಸವಾಲು ಹಾಕುವ ಆ ಗಟ್ಟಿ ತುಂಡನ್ನು ಕಂಡು ‘ಇದರಲ್ಲಿ ಏನೇನು ಹಾಕಿರ್ತಾರೋ’ ಎಂದು ಮೂಗು ಮುರಿಯುವ ಸಸ್ಯಾಹಾರಿಗಳಿದ್ದಾರೆ. ಸಾಂಪ್ರದಾಯಿಕ ಛುರ್ಪಿ ಆಗುವುದು ಬೆಣ್ಣೆ ತೆಗೆದ ಮಜ್ಜಿಗೆಯನ್ನು ಕುದಿಸಿ, ಒಡೆದದ್ದನ್ನು ಬಟ್ಟೆಯಲ್ಲಿ ಕಟ್ಟಿ ಬಸಿದು, ಒತ್ತಿ, ಒಣಗಿಸಿ. ಪೂರ್ತಿ ಹುಳಿಯ ದಾರಿ, ರೆನೆಟ್ ಇಲ್ಲ. ನೇಪಾಳದ ಕಾರ್ಖಾನೆಗಳ ಯಾಕ್ ಚೀಸ್ ಬೇರೆ. ಅದು ಸ್ವಿಸ್ ಕ್ರಮದ್ದು. ಮಾಂಸ ತಿನ್ನುವವರ ಊರಿನ ಛುರ್ಪಿಯ ಮೇಲೆ ಅನುಮಾನ, ವಿಮಾನದಲ್ಲಿ ಬಂದ ದುಬಾರಿ ಪಾರ್ಮೆಸಾನಿನ ಮೇಲೆ ಭರವಸೆ. ನಮ್ಮ ಅನುಮಾನ ಮನುಷ್ಯರನ್ನು ನೋಡಿ ಹುಟ್ಟುತ್ತದೆ, ಮಾಡುವ ಕ್ರಮ ನೋಡಿ ಅಲ್ಲ.

ಈಗ ಹಸಿರು ಚುಕ್ಕೆಗೆ ಬರೋಣ. ಇದರ ಹಿಂದಿರುವ ಕಾನೂನನ್ನು ಸ್ವಲ್ಪ ತಾಳ್ಮೆಯಿಂದ ಓದಬೇಕು. ಮಾಂಸಾಹಾರ ಎಂದರೇನು ಎಂಬುದಕ್ಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮ ಕೊಡುವ ವ್ಯಾಖ್ಯೆ ಹೀಗಿದೆ: ಯಾವ ಆಹಾರದಲ್ಲಿ ಪ್ರಾಣಿ, ಪಕ್ಷಿ, ಮೀನು, ಮೊಟ್ಟೆ ಅಥವಾ ಪ್ರಾಣಿಮೂಲದ ಯಾವುದೇ ವಸ್ತು ಘಟಕವಾಗಿ ಇದೆಯೋ ಅದು ಮಾಂಸಾಹಾರ. ಆದರೆ ಅದೇ ಉಸಿರಿನಲ್ಲಿ ಒಂದು ವಿನಾಯಿತಿ: ಹಾಲು ಮತ್ತು ಹಾಲಿನ ಉತ್ಪನ್ನಗಳು ಇದಕ್ಕೆ ಸೇರುವುದಿಲ್ಲ. 2020ರ ನಿಯಮದಲ್ಲಿ ಮಾಂಸಾಹಾರದ ಗುರುತು ಕಂದು ಚುಕ್ಕೆಯಿಂದ ಕಂದು ತ್ರಿಕೋನವಾಯಿತು, ಜೇನು, ಜೇನುಮೇಣದಂಥವೂ ವಿನಾಯಿತಿಗೆ ಸೇರಿದವು. ಹಾಲಿನ ವಿನಾಯಿತಿ ಹಾಗೇ ಉಳಿಯಿತು.

ಇದನ್ನು ಚೀಸಿನ ಮುಂದೆ ಹಿಡಿದು ನೋಡಿ. ಚೀಸ್ ಹಾಲಿನ ಉತ್ಪನ್ನ. ಹಾಲಿನ ಉತ್ಪನ್ನಕ್ಕೆ ವಿನಾಯಿತಿ ಇದೆ. ಹಾಗಾದರೆ ಕರುವಿನ ರೆನೆಟ್ ಹಾಕಿ ಮಾಡಿದ ಚೀಸ್‌ಗೂ ಹಸಿರು ಚುಕ್ಕೆ ಹಾಕಬಹುದೆಂದು ಒಬ್ಬ ಚಾಲಾಕಿ ವಕೀಲ ವಾದಿಸಬಹುದಲ್ಲ? ರೆನೆಟ್ ಪ್ರಾಣಿಮೂಲದ ವಸ್ತು, ಆದ್ದರಿಂದ ಕೂಡದು ಎಂದು ಇನ್ನೊಬ್ಬ ವಾದಿಸಬಹುದು. ರೆನೆಟ್ ತಯಾರಿಕೆಗೆ ನೆರವಾದ ವಸ್ತುವೇ ಹೊರತು ಘಟಕವಲ್ಲ ಎಂದು ಮೊದಲಿನವನು ತಿರುಗಿ ಹೇಳಬಹುದು. ಬರೀ ಚುಕ್ಕೆಯ ವ್ಯಾಖ್ಯೆ ಇಟ್ಟುಕೊಂಡು ಕೂತರೆ ಈ ಜಗಳ ಮುಗಿಯುವುದಿಲ್ಲ. ಹಿರಿಯರ ‘ಹಾಲಿಂದ ಮಾಡಿದ್ದು ತಾನೇ’ ಎಂಬ ಮಾತೇ ಕಾನೂನಿನೊಳಗೂ ಕುಳಿತಿದೆ ಎಂಬುದು ಇಲ್ಲಿಯ ತಮಾಷೆ.

ಜಗಳ ಮುಗಿಸಿರುವುದು ಬೇರೊಂದು ಕಡೆ, ಚುಕ್ಕೆಯ ಅಧ್ಯಾಯದಲ್ಲಿ ಅಲ್ಲ. 2011ರ ಆಹಾರ ಉತ್ಪನ್ನ ಮಾನದಂಡಗಳ ನಿಯಮಾವಳಿಯಲ್ಲಿ ಚೀಸ್ ಎಂದರೇನು ಎಂದು ಹೇಳುವ ವಾಕ್ಯದೊಳಗೇ ಉತ್ತರ ಇದೆ: ಹಾಲನ್ನು ಪ್ರಾಣಿಮೂಲದ್ದಲ್ಲದ ರೆನೆಟ್ಟಿನಿಂದ ಅಥವಾ ತಕ್ಕ ಬೇರೆ ಹೆಪ್ಪುಕಾರಕದಿಂದ ಗಟ್ಟಿ ಮಾಡಿ ಪಡೆದದ್ದೇ ಚೀಸ್. ಅಂದರೆ ಈ ದೇಶದ ಮಾನದಂಡದ ಪ್ರಕಾರ ಕರುವಿನ ರೆನೆಟ್ ಹಾಕಿದ್ದು ‘ಮಾಂಸಾಹಾರಿ ಚೀಸ್’ ಕೂಡ ಅಲ್ಲ. ಅದು ಚೀಸ್ ಎಂಬ ಹೆಸರಿಗೇ ಅರ್ಹವಲ್ಲ. ಹಳಿಯಾಳದ ಅಂಗಡಿಯಲ್ಲಿ ನೀವು ಕೊಳ್ಳುವ ನಂದಿನಿ, ಅಮುಲ್ ಅಥವಾ ಇನ್ಯಾವುದೋ ಕಂಪನಿಯ ಚೀಸ್ ಸಸ್ಯಾಹಾರವಾಗಿರಲು ನಿಜವಾದ ಕಾರಣ ಈ ಒಂದು ವಾಕ್ಯ. ಚುಕ್ಕೆ ಅದರ ನೆರಳು ಮಾತ್ರ. ಆ ವಾಕ್ಯದ ಅಧಿಕಾರ ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ ಮಾತ್ರ ನೀವು ನಿಶ್ಚಿಂತೆಯಿಂದಿರಬಹುದು.

ಒಂದು ಪೊಟ್ಟಣ ಕೈಗೆತ್ತಿಕೊಂಡು ಓದೋಣ. ನಮ್ಮ ಅಂಗಡಿಗಳಲ್ಲಿ ಹೆಚ್ಚು ಸಿಗುವುದು ಪ್ರೊಸೆಸ್ಡ್ ಚೀಸ್, ಅಂದರೆ ಚೆಡ್ಡರಿನಂಥ ಚೀಸನ್ನು ತುರಿದು, ಲವಣ ಸೇರಿಸಿ, ಕಾಯಿಸಿ ಮತ್ತೆ ಅಚ್ಚು ಹಾಕಿದ್ದು. ಘಟಕಗಳ ಪಟ್ಟಿಯಲ್ಲಿ ಮೊದಲನೆಯದು ‘ಚೀಸ್’. ಆಮೇಲೆ ಎಮಲ್ಸಿಫೈಯರ್ 331, ಉಪ್ಪು, ಆಮ್ಲ 330, ಸಂರಕ್ಷಕ 200, ಬಣ್ಣ 160ಬಿ. ಮೊಬೈಲಿನ ಸಂದೇಶಗಳು ಈ ಸಂಖ್ಯೆಗಳನ್ನು ತೋರಿಸಿಯೇ ಹೆದರಿಸುವುದು. 331 ಎಂದರೆ ಸೋಡಿಯಂ ಸಿಟ್ರೇಟ್, 330 ಎಂದರೆ ಪನೀರಿಗೂ ಹಾಕುವ ಸಿಟ್ರಿಕ್ ಆಮ್ಲ, 200 ಎಂದರೆ ಸೋರ್ಬಿಕ್ ಆಮ್ಲ, 160ಬಿ ಎಂದರೆ ಅನಾಟೊ ಎಂಬ ಗಿಡದ ಬೀಜದ ಬಣ್ಣ. ಇವುಗಳಲ್ಲಿ ಯಾವುದೂ ರೆನೆಟ್ ಅಲ್ಲ. ಇಡೀ ಪಟ್ಟಿಯನ್ನು ತಲೆಕೆಳಗು ಮಾಡಿ ಜಾಲಾಡಿದರೂ ರೆನೆಟ್ ಎಂಬ ಪದ ಸಿಗದೇ ಹೋಗಬಹುದು, ಏಕೆಂದರೆ ಅದು ಆ ಮೊದಲ ಪದದೊಳಗೆ, ‘ಚೀಸ್’ ಎಂಬುದರೊಳಗೆ ಅಡಗಿದೆ. ಸಿಗಲಿಲ್ಲವೆಂದರೆ ಹಾಕಿಲ್ಲ ಎಂದು ಅರ್ಥವಲ್ಲ.

ಹಾಗಾದರೆ ನೋಡಬೇಕಾದದ್ದು ಏನನ್ನು? ಪಟ್ಟಿಯ ಆಚೀಚೆ ಒಂದು ಬಿಡಿ ಸಾಲು ಇರುತ್ತದೆಯೇ ನೋಡಿ. ಅಮುಲ್ ತನ್ನ ಪ್ರೊಸೆಸ್ಡ್ ಚೀಸ್ ಬಗ್ಗೆ ಹಸು-ಎಮ್ಮೆಯ ಹಾಲಿನಿಂದ ಮೈಕ್ರೋಬಿಯಲ್ ರೆನೆಟ್ ಬಳಸಿ ಮಾಡಿದ್ದು ಎಂದು ಹೇಳಿಕೊಳ್ಳುತ್ತದೆ. ‘ಮೈಕ್ರೋಬಿಯಲ್’, ‘ನಾನ್ ಅನಿಮಲ್’, ‘ವೆಜಿಟೇರಿಯನ್ ರೆನೆಟ್’ ಇವುಗಳಲ್ಲಿ ಯಾವುದಿದ್ದರೂ ಮಾತು ಮುಗಿಯಿತು. ಅದಿಲ್ಲದಿದ್ದರೂ 14 ಅಂಕಿಯ ಪರವಾನಗಿ ಸಂಖ್ಯೆ, ಭಾರತದ ತಯಾರಕರ ವಿಳಾಸ, ಹಸಿರು ಚುಕ್ಕೆ ಮೂರೂ ಕಾರ್ಖಾನೆಯಲ್ಲೇ ಪೊಟ್ಟಣದ ಮೇಲೆ ಅಚ್ಚಾಗಿದ್ದರೆ, ಆ ಚೀಸ್ 2011ರ ವಾಕ್ಯದ ಕೈಕೆಳಗೆ ಇದೆ ಎಂದಾಯಿತು. ನಾನಾಗಿದ್ದರೆ ಅಷ್ಟಕ್ಕೆ ಒಪ್ಪಿ ತಿನ್ನುತ್ತೇನೆ. ನಾಲಿಗೆಯಿಂದಲೋ ಮೂಗಿನಿಂದಲೋ ರೆನೆಟ್ಟಿನ ಮೂಲ ಕಂಡುಹಿಡಿಯುತ್ತೇನೆ ಅನ್ನುವವರ ಮಾತು ನಂಬಬೇಡಿ. ಹುದುಗಿಸಿ ಪಡೆದ ಕೈಮೋಸಿನ್ ಮತ್ತು ಕರುವಿನ ಕೈಮೋಸಿನ್ ಒಂದೇ ಅಣು. ಕರುವಿನ ರೆನೆಟ್ಟಿನಲ್ಲಿ ಅದರ ಜೊತೆ ಪೆಪ್ಸಿನ್ ಎಂಬ ಇನ್ನೊಂದು ಕಿಣ್ವವೂ ಬೆರೆತಿರುತ್ತದೆ ಎಂಬುದಷ್ಟೇ ವ್ಯತ್ಯಾಸ. ಅಡುಗೆಮನೆಯಲ್ಲಿ ಅದು ಗೊತ್ತಾಗುವಂಥದ್ದಲ್ಲ.

ಆ ವಾಕ್ಯದ ಅಧಿಕಾರ ಮುಗಿಯುವುದು ಸೂಟ್‌ಕೇಸಿನಲ್ಲಿ. ಮಗಳೋ ಅಳಿಯನೋ ಅಮೆರಿಕದಿಂದ, ಇಟಲಿ ಸುತ್ತಿಕೊಂಡು ಬರುವಾಗ ತಂದ ಚೀಸ್ ತುಂಡು ಇವತ್ತು ನಮ್ಮ ಹಳ್ಳಿಗಳಿಗೂ ಬರುತ್ತದೆ. ಅದರ ಮೇಲೆ ಚುಕ್ಕೆಯೇ ಇಲ್ಲ. ಅಮೆರಿಕದ ಚೆಡ್ಡರಿನ ಲೇಬಲ್ ಹೀಗಿರುತ್ತದೆ: ಪಾಶ್ಚರೀಕರಿಸಿದ ಹಾಲು, ಚೀಸ್ ಕಲ್ಚರ್, ಉಪ್ಪು, ಎಂಜೈಮ್ಸ್. ಪ್ರಾಣಿಯದೋ, ಗಿಡದ್ದೋ, ಸೂಕ್ಷ್ಮಜೀವಿಯದೋ, ಯಾವುದೇ ಕಿಣ್ವ ಇರಲಿ, ಬರೀ ‘ಎಂಜೈಮ್ಸ್’ ಎಂದು ಬರೆದರೆ ಸಾಕು ಎಂದು ಅಲ್ಲಿಯ ನಿಯಮವೇ ಹೇಳುತ್ತದೆ. ಬಹುಪಾಲು ಹುದುಗಿಸಿದ್ದೇ ಆಗಿರುತ್ತದೆ, ಆದರೆ ಕೈಯಲ್ಲಿರುವ ಈ ತುಂಡು ಯಾವುದು ಎಂದು ಆ ಪದ ಹೇಳುವುದಿಲ್ಲ. ‘ಸಾವಯವ’ ಎಂಬ ಮುದ್ರೆಯಾಗಲೀ ಯಹೂದಿಗಳ ಕೋಷರ್ ಗುರುತಾಗಲೀ ಸಸ್ಯಾಹಾರದ ಗುರುತಲ್ಲ. ಯುರೋಪಿನಲ್ಲಿ ಪರಿಸ್ಥಿತಿ ಇನ್ನೂ ಮೌನದ್ದು: ಹಾಲು, ಕಿಣ್ವ, ಕಲ್ಚರ್, ಉಪ್ಪು ಬಿಟ್ಟು ಬೇರೇನೂ ಸೇರಿಸದ ಹಣ್ಣಾದ ಚೀಸ್‌ಗೆ ಘಟಕಗಳ ಪಟ್ಟಿಯನ್ನೇ ಕೊಡಬೇಕಾಗಿಲ್ಲ ಎಂದು 2011ರ ಅವರ ಲೇಬಲ್ ಕಾನೂನು ಹೇಳುತ್ತದೆ. ಬ್ರಿಟನ್ನಿನ ಪೊಟ್ಟಣಗಳಲ್ಲಿ ‘ಸಸ್ಯಾಹಾರಿಗಳಿಗೆ ಸೂಕ್ತ’ ಎಂಬ ಸಾಲು ಸಾಮಾನ್ಯವಾಗಿ ಕಾಣುತ್ತದೆ. ಅದಿದ್ದರೆ ಸರಿ, ಇಲ್ಲದಿದ್ದರೆ ಅನುಮಾನಿಸುವುದು ನ್ಯಾಯ.

ವಿದೇಶದ ಕೆಲವು ಚೀಸ್‌ಗಳಲ್ಲಿ ಮಾತ್ರ ಲೇಬಲ್ಲಿನ ಹಿಂಭಾಗ ಓದುವ ಅಗತ್ಯವೇ ಇಲ್ಲ; ಮುಂದಿನ ಹೆಸರೇ ಸಾಕು. ಪಾರ್ಮಿಜಾನೋ ರೆಜ್ಜಾನೋ, ಗ್ರಾನಾ ಪಡಾನೋ, ಸ್ವಿಟ್ಜರ್ಲೆಂಡಿನ ಗ್ರುಯೇರ್ ಇವು ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಇರುವ ಚೀಸ್‌ಗಳು. ನಮ್ಮ ಮೈಸೂರು ರೇಷ್ಮೆಗೆ, ಧಾರವಾಡ ಪೇಡೆಗೆ ಇರುವಂಥ ರಕ್ಷಣೆ ಅದು. ಆ ಹೆಸರು ಇಟ್ಟುಕೊಳ್ಳಬೇಕಾದರೆ ಕರುವಿನ ರೆನೆಟ್ಟನ್ನೇ ಬಳಸಬೇಕೆಂದು ಅವುಗಳ ನಿಯಮವೇ ವಿಧಿಸುತ್ತದೆ. ಪೆಕೊರಿನೋ ರೊಮಾನೋ ಎಂಬುದಕ್ಕೆ ಕುರಿಮರಿಯ ರೆನೆಟ್. ಗ್ರಾನಾ ಪಡಾನೋದಲ್ಲಿ ಮೊಟ್ಟೆಯ ಬಿಳಿಯಿಂದ ತೆಗೆದ ಲೈಸೋಜೈಮ್ ಕೂಡ ಹಾಕುತ್ತಾರೆ. ಆದ್ದರಿಂದ ನಿಜವಾದ ಪಾರ್ಮಿಜಾನೋ ಸಸ್ಯಾಹಾರವಾಗಲು ಸಾಧ್ಯವೇ ಇಲ್ಲ. ಸಸ್ಯಾಹಾರವಾಗಿದ್ದರೆ ಅದು ನಿಜವಾದ ಪಾರ್ಮಿಜಾನೋ ಅಲ್ಲ. ದಾಂಡೇಲಿಯಲ್ಲೋ ಗೋವಾದಲ್ಲೋ ಮೆನುವಿನಲ್ಲಿ ‘ಪಾರ್ಮೆಸಾನ್’ ಎಂದು ಬರೆದಿದ್ದರೆ, ಎದುರಿಗಿರುವುದು ಅದೇ ಶೈಲಿಯ ಭಾರತೀಯ ಚೀಸ್ ಆಗಿರಬಹುದು, ಹೊರಗಿನಿಂದ ಬಂದದ್ದೂ ಆಗಿರಬಹುದು. ಬಡಿಸುವವರನ್ನು ಕೇಳಿದರೆ ‘ವೆಜ್ ಸರ್’ ಎಂಬ ಉತ್ತರವೇ ಬರುವುದು, ಏಕೆಂದರೆ ಅವರೂ ಹಿರಿಯರ ಮೊದಲ ಮಾತಿನಲ್ಲೇ ಇದ್ದಾರೆ. ಪೊಟ್ಟಣ ತೋರಿಸಿ ಎಂದು ಕೇಳುವುದೊಂದೇ ದಾರಿ.

ವಿದೇಶದ್ದೆಲ್ಲ ಹೊಲಸು ಎಂದೂ ಇದರಿಂದ ತೀರ್ಮಾನಿಸಬಾರದು. ಅನಮೋಡ ಘಾಟಿ ಇಳಿದರೆ ಸಿಗುವ ಗೋವಾವನ್ನು ಆಳಿದ ಪೋರ್ಚುಗಲ್ಲಿನ ಹೆಸರಾಂತ ಚೀಸ್ ಸೆರಾ ದ ಎಸ್ತ್ರೆಲಾ. ಅದಕ್ಕೆ ಕುರಿಹಾಲನ್ನು ಗಟ್ಟಿ ಮಾಡುವುದು ಮುಳ್ಳುಗಿಡವೊಂದರ ಒಣಗಿದ ಹೂವಿನಿಂದ. ಸಸ್ಯಾಹಾರವೆಂಬ ಯೋಚನೆಯೇ ಇಲ್ಲದ ಗುಡ್ಡಗಾಡಿನ ಕುರುಬರು ತಲೆತಲಾಂತರದಿಂದ ಅದನ್ನು ಹಾಗೆ ಮಾಡುತ್ತಾ ಬಂದಿದ್ದಾರೆ.

ಭಾರತಕ್ಕೆ ಅಧಿಕೃತವಾಗಿ ಆಮದಾಗುವ ಪೊಟ್ಟಣಗಳ ಬಗ್ಗೆ ಒಂದು ಎಚ್ಚರ. ಆಮದುದಾರರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಮತ್ತು ಸಸ್ಯಾಹಾರದ ಗುರುತನ್ನು ಇಲ್ಲಿ ಬಂದ ಮೇಲೆ ಸ್ಟಿಕರ್ ರೂಪದಲ್ಲಿ ಅಂಟಿಸಲು ಅವಕಾಶ ಇದೆ. ಹಾಗಾಗಿ ಆ ಹಸಿರು ಚುಕ್ಕೆ ಚೀಸ್ ಮಾಡಿದವನು ಹಾಕಿದ್ದಲ್ಲ, ತರಿಸಿದವನು ಹಾಕಿದ್ದು. ಸ್ಟಿಕರ್ ಕೆಳಗಿನ ಮೂಲ ಲೇಬಲ್ಲಿನಲ್ಲಿ ರೆನೆಟ್ ಎಂದಷ್ಟೇ ಇದ್ದು, ಹೆಸರು ಮೇಲೆ ಹೇಳಿದ ಪಟ್ಟಿಯದಾಗಿದ್ದರೆ, ಚುಕ್ಕೆಗಿಂತ ಹೆಸರನ್ನು ನಂಬಿ.

ಇನ್ನೆರಡು ಸಣ್ಣ ಸಂದುಗಳಿವೆ. ರೋಮಾನೋ, ಪ್ರೊವೊಲೋನೆಯಂಥ ಖಾರ ವಾಸನೆಯ ಚೀಸ್‌ಗೆ ಲೈಪೇಸ್ ಎಂಬ ಕಿಣ್ವ ಹಾಕುತ್ತಾರೆ. ಅದನ್ನು ಮೇಕೆಮರಿ, ಕರುಗಳ ಗಂಟಲ ಗ್ರಂಥಿಗಳಿಂದ ತೆಗೆಯುವುದುಂಟು. ರೆನೆಟ್ ಸಸ್ಯಾಹಾರಿಯಾಗಿದ್ದರೂ ಲೈಪೇಸ್ ಆಗಿರಬೇಕೆಂದಿಲ್ಲ. ಮತ್ತೊಂದು, ಜಿಮ್ಮಿಗೆ ಹೋಗುವ ಹುಡುಗರು ಹೊರದೇಶದಿಂದ ತರಿಸಿಕೊಳ್ಳುವ ವ್ಹೇ ಪ್ರೋಟೀನ್ ಪುಡಿ. ಅದು ಚೀಸ್ ಬಸಿದ ನೀರಿನಿಂದಲೇ ಆಗುವುದು. ಹಾಕಿದ ರೆನೆಟ್ಟಿನಲ್ಲಿ ಹೆಚ್ಚಿನದು ಆ ನೀರಿಗೇ ಹೋಗುತ್ತದೆ ಎಂದು ಆಗಲೇ ಹೇಳಿದೆ. ಪಿಜ್ಜಾಕ್ಕೆ ಹೆದರಿ ಡಬ್ಬಿಗಟ್ಟಲೆ ವ್ಹೇ ಕುಡಿಯುವವರು ಇದನ್ನು ಯೋಚಿಸಿದಂತಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕುವ ಸಸ್ಯಾಹಾರಿಗೆ ಒಂದು ಕಸಿವಿಸಿಯ ಪ್ರಶ್ನೆಯನ್ನೂ ಕೇಳಬೇಕು. ಕರುವಿನ ಹೊಟ್ಟೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವ ನಾವು, ನಮ್ಮ ಹಾಲಿಗಾಗಿ ಹುಟ್ಟಿದ ಗಂಡುಕರು ಎಲ್ಲಿಗೆ ಹೋಯಿತು ಎಂದು ಕೇಳುವುದು ಅಪರೂಪ. ರೆನೆಟ್ ವಿಷಯದಲ್ಲಿ ಗೆದ್ದ ಮಾತ್ರಕ್ಕೆ ಚೀಸ್ ಅಹಿಂಸೆಯ ಆಹಾರವಾಗುವುದಿಲ್ಲ. ಸಸ್ಯಾಹಾರ ಅಷ್ಟೇ ಆಗುತ್ತದೆ. ಅಲ್ಲಿಂದ ಮುಂದಿನದು ಅವರವರ ಮನಸ್ಸಿಗೆ ಬಿಟ್ಟದ್ದು.

ಲೇಬಲ್ಲಿನ ಪ್ರಶ್ನೆ ಮಾತ್ರ ಮನಸ್ಸಿಗೆ ಬಿಡುವಂಥದ್ದಲ್ಲ. ಒಳ್ಳೆಯ ಕಂಪನಿಗಳು ತಾವಾಗಿಯೇ ಹೇಳುತ್ತಿರುವ ಆ ಒಂದು ಸಾಲನ್ನು, ಹೆಪ್ಪುಕಾರಕ ಯಾವ ಮೂಲದ್ದು ಎಂಬುದನ್ನು, ಚೀಸ್ ಮತ್ತು ವ್ಹೇ ಇರುವ ಪ್ರತಿ ಪೊಟ್ಟಣದ ಮೇಲೂ, ಆಮದಾದದ್ದರ ಸ್ಟಿಕರ್ ಮೇಲೂ ಕಡ್ಡಾಯ ಮಾಡಬೇಕು. ಹಾಲಿನ ಉತ್ಪನ್ನಕ್ಕೆ ಕೊಟ್ಟ ವಿನಾಯಿತಿ ಅದನ್ನು ಗಟ್ಟಿ ಮಾಡಲು ಬಳಸಿದ ವಸ್ತುವಿಗೆ ಅನ್ವಯಿಸುವುದಿಲ್ಲ ಎಂದು ಚುಕ್ಕೆಯ ವ್ಯಾಖ್ಯೆಯಲ್ಲೇ ಬರೆಯಬೇಕು. ಅಲ್ಲಿಯವರೆಗೆ ಲೇಬಲ್ಲಿನಲ್ಲಿ ಉತ್ತರ ಸಿಗದ ಚೀಸ್ ಕಂಡರೆ ಅದರ ಮೇಲಿನ ಗ್ರಾಹಕ ವಿಳಾಸಕ್ಕೆ ‘ರೆನೆಟ್ ಯಾವ ಮೂಲದ್ದು?’ ಎಂದು ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಉತ್ತರ ಬರುವತನಕ ಆ ಪೊಟ್ಟಣ ಅಂಗಡಿಯಲ್ಲೇ ಇರಲಿ.